ಸಹಾಯ ಬೇಕು: ಚಿತ್ರ ಪ್ರಾಮಾಣಿಕವಾಗಿದ್ದರೂ ಅದರ ಅರ್ಥ ತಪ್ಪಾಗಬಹುದೇ?

ನಿಯಾಸಿನಮೈಡ್ ಇರುವ ಮುಖದ ಕ್ರೀಮೊಂದರ ಲೇಬಲ್ಲಿಗೆ ಬರಹ ಸಿದ್ಧಪಡಿಸುತ್ತಿದ್ದೇನೆ. ಅದನ್ನು 8 ವಾರ ಬಳಸಿದ 30 ಮಂದಿಯಲ್ಲಿ 24 ಮಂದಿ, ತಮ್ಮ ಕಲೆಗಳು ಮೊದಲಿಗಿಂತ ತಿಳಿಯಾಗಿ ಕಾಣುತ್ತಿವೆ ಎಂದು ಪ್ರಶ್ನಾವಳಿಯಲ್ಲಿ ಉತ್ತರಿಸಿದ್ದಾರೆ. ಉಪಕರಣದಿಂದ ಯಾರೂ ಅಳೆದಿಲ್ಲ. ಮೊದಲ ಕರಡಿನಲ್ಲಿ ‘ಕಲೆಗಳು ಶೇ. 80ರಷ್ಟು ಕಡಿಮೆ’ ಎಂದಿತ್ತು. ಆ ಶೇ. 80 ಎಂಬುದು ಜನರ ಲೆಕ್ಕವೇ ಹೊರತು ಕಲೆಯ ಲೆಕ್ಕವಲ್ಲ ಎಂದು (ಸ್ವಲ್ಪ ಜಗಳವಾಡಿಯೇ) ಅದನ್ನು ತೆಗೆಸಿ, ‘8 ವಾರ ಬಳಸಿದ 30 ಮಂದಿಯಲ್ಲಿ 24 ಮಂದಿಯ ಸ್ವಂತ ಅಭಿಪ್ರಾಯ’ ಎಂದು ಬದಲಾಯಿಸಿದೆ.

ನಾನು ಸಿಕ್ಕಿಕೊಂಡಿರುವುದು ‘ಮೊದಲು–ನಂತರ’ ಚಿತ್ರಗಳಲ್ಲಿ. ಬೆಳಕು ಬೇರೆಯಾಗಿದ್ದ ಜೋಡಿಗಳನ್ನು ಕೈಬಿಟ್ಟು, ಒಂದೇ ಬೆಳಕು, ಒಂದೇ ಕೋನದಲ್ಲಿ, ಮೇಕಪ್ಪಿಲ್ಲದೆ ತೆಗೆದ ಒಂದು ಜೋಡಿಯನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಆದರೆ ಆ ಅವಧಿಯಲ್ಲಿ ಎಲ್ಲರೂ ಪ್ರತಿದಿನ ಸನ್‌ಸ್ಕ್ರೀನ್ ಹಚ್ಚಿದ್ದರು. ಬಿಸಿಲು ತಡೆದರೆ ಕಲೆಗಳು ತಾವಾಗಿಯೂ ತಿಳಿಯಾಗಬಹುದು. ಸನ್‌ಸ್ಕ್ರೀನ್ ಮಾತ್ರ ಬಳಸಿದ ಹೋಲಿಕೆಯ ಗುಂಪು ನಮ್ಮಲ್ಲಿರಲಿಲ್ಲ. ಸಾಲದ್ದಕ್ಕೆ, ಉಳಿದಿರುವ ಜೋಡಿಯು ಅತ್ಯುತ್ತಮ ಫಲಿತಾಂಶ ಕಂಡವರದು.

ಚಿತ್ರದ ಕೆಳಗೆ ‘ಸನ್‌ಸ್ಕ್ರೀನ್ ಜೊತೆ ಬಳಸಿದಾಗ, ಎಲ್ಲರಿಗೂ ಇದೇ ಫಲಿತಾಂಶ ಬರುವುದಿಲ್ಲ’ ಎಂದು ಬರೆದರೆ ಸಾಕೇ, ಅಥವಾ ಚಿತ್ರವನ್ನೇ ಬಿಟ್ಟು ಅಭಿಪ್ರಾಯದ ಸಾಲನ್ನು ಮಾತ್ರ ಇಡಬೇಕೇ? ಇಂಥ ಬರಹ ಪರಿಶೀಲಿಸಿದ ಅನುಭವವಿರುವವರು ದಯವಿಟ್ಟು ಕಾರಣಸಹಿತ ತಿಳಿಸಿ.