ಸಹಾಯ ಬೇಕು: ಬಾಳೆಯೋ, ಕಾಳುಮೆಣಸೋ?

ಶಿರಸಿಯಲ್ಲಿ ಕೂತು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. 'ದೋಣಿ : ಹುಟ್ಟು :: ಸೈಕಲ್ : ?' ಇದರಲ್ಲಿನ ಸಂಬಂಧ 'ಅದಿಲ್ಲದೆ ಮುಂದೆ ಹೋಗಲ್ಲ' ಎಂದು ಮೊದಲು ಅಂದುಕೊಂಡೆ. ಚಕ್ರ, ಪೆಡಲ್ ಎರಡೂ ಹೊಂದಿದವು. 'ನಾವು ಬಲ ಹಾಕುವ ಜಾಗ' ಎಂದು ಬಿಗಿ ಮಾಡಿದಾಗ ಪೆಡಲ್ ಮಾತ್ರ ಉಳಿಯಿತು.

ಗುಂಪಿಗೆ ಸೇರದ್ದು ಆರಿಸುವಾಗ ಇದೇ ಉಪಾಯ ಕೈಕೊಡುತ್ತಿದೆ. ಅಡಿಕೆ, ತೆಂಗು, ಬಾಳೆ, ಕಾಳುಮೆಣಸು. ನಮ್ಮ ತೋಟದಲ್ಲಿ ನಾಲ್ಕೂ ಒಟ್ಟಿಗೇ ಇವೆ, ಅದೇ ತೊಂದರೆ ಇರಬೇಕು! ಮೆಣಸು ಬಳ್ಳಿ, ಉಳಿದವು ತಾವೇ ನಿಲ್ಲುತ್ತವೆ. ಆದರೆ ಬಾಳೆ ಗಿಡ ಒಂದು ಗೊನೆ ಕೊಟ್ಟರೆ ಮುಗಿಯಿತು, ಉಳಿದವು ವರ್ಷಗಟ್ಟಲೆ ಫಲ ಕೊಡುತ್ತವೆ. ಎರಡೂ ಸರಿ ಅಲ್ವಾ? ಪುಸ್ತಕದ ಉತ್ತರ ಕಾಳುಮೆಣಸು, ವಿವರಣೆ ಇಲ್ಲ.

ಹೀಗೆ ಮೂರನ್ನು ಕಟ್ಟುವ ಸಂಬಂಧ ಎರಡು ಸಿಕ್ಕಾಗ, ಯಾವುದು ಹೆಚ್ಚು ಬಿಗಿ ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ?