ಫ್ಯಾನ್ ನಿಧಾನ, ಜೊತೆಗೆ ಗುಂಯ್ ಅನ್ನೋ ಸದ್ದು: ಕಂಡೆನ್ಸರಾ, ಬೇರಿಂಗಾ?

ಸುಮಾ ತಿಪಟೂರು: ನಮ್ಮ ಹಾಲ್ ಫ್ಯಾನಿಗೆ 11 ವರ್ಷ. ರೆಗ್ಯುಲೇಟರ್ 5ಕ್ಕೆ ಇಟ್ಟರೂ ಗಾಳಿ ಸಾಲದು, ಗುಂಯ್ ಅಂತ ಸದ್ದು ಬೇರೆ. 2ಕ್ಕೆ ಇಟ್ಟರೆ ತಾನಾಗಿ ಶುರುವೇ ಆಗುವುದಿಲ್ಲ, ಪೊರಕೆ ಹಿಡಿಯಿಂದ ತಳ್ಳಬೇಕು. ರಿಪೇರಿಯವರು ಬೇರಿಂಗ್ ಹೋಗಿದೆ, 700 ಕೊಡಿ, ಇಳಿಸಿ ತೆಗೆದುಕೊಂಡು ಹೋಗ್ತೀನಿ ಅಂದರು. ಪಕ್ಕದ ಮನೆಯವರು ಕಂಡೆನ್ಸರ್ ಅಂತಾರೆ. ಇಳಿಸುವ ಮೊದಲೇ ಯಾವುದು ಅಂತ ಗೊತ್ತಾಗುತ್ತಾ?

ಕಿರಣ ಶಿರಸಿ: ಸದ್ದು ಬರುತ್ತಿದೆ ಅಂದಮೇಲೆ ಬೇರಿಂಗೇ. ಕಂಡೆನ್ಸರ್‌ನಲ್ಲಿ ತಿರುಗುವ ಭಾಗ ಏನೂ ಇಲ್ಲ, ಅದು ಹೇಗೆ ಸದ್ದು ಮಾಡುತ್ತದೆ? ನಮ್ಮ ಮನೆಯಲ್ಲಿ ಹೋದ ವರ್ಷ ಹೀಗೇ ಆಗಿತ್ತು, ಎರಡು ಬೇರಿಂಗ್ ಬದಲಾಯಿಸಿದ ಮೇಲೆ ಫ್ಯಾನ್ ಇದೆಯೋ ಇಲ್ಲವೋ ಅನ್ನುವಷ್ಟು ನಿಶ್ಶಬ್ದ. 700 ಜಾಸ್ತಿ ಏನಲ್ಲ, ಕೊಟ್ಟುಬಿಡಿ.

ವೈಂಡಿಂಗ್ ಮಂಜಣ್ಣ: ಕಿರಣ್, ಸದ್ದು ಮಾಡುವುದು ಕಂಡೆನ್ಸರ್ ಅಲ್ಲ, ಮೋಟರ್. ಕಂಡೆನ್ಸರ್ ಸೊರಗಿದಾಗ ಸ್ಟಾರ್ಟಿಂಗ್ ವೈಂಡಿಂಗಿಗೆ ಸಿಗಬೇಕಾದ ಕರೆಂಟ್ ಸಿಗುವುದಿಲ್ಲ, ಎರಡು ವೈಂಡಿಂಗಿನ ಎಳೆತ ಸಮ ಬರುವುದಿಲ್ಲ, ಮೋಟರ್ ತಿರುಗುವ ಬದಲು ನಡುಗುತ್ತದೆ. ಆ ನಡುಕವೇ ಗುಂಯ್ ಅಂತ ಕೇಳುವುದು. ಬೇರಿಂಗಿನ ಸದ್ದೇ ಬೇರೆ, ಅದು ಗರಗರ, ಕರಕರ, ಹಳೇ ಸೈಕಲ್ ಚಕ್ರದ ಹಾಗೆ.

ಸುಮಕ್ಕ, ಒಂದು ಕೆಲಸ ಮಾಡಿ. ಟಿವಿ, ಮಿಕ್ಸಿ ಎಲ್ಲ ಆಫ್ ಮಾಡಿ ಫ್ಯಾನ್ 5ರಲ್ಲಿ ಹಾಕಿ. ವೇಗ ಹಿಡಿದ ಮೇಲೆ ಸ್ವಿಚ್ ಆಫ್ ಮಾಡಿ ಕಿವಿಗೊಟ್ಟು ನಿಂತುಕೊಳ್ಳಿ. ರೆಕ್ಕೆ ಇನ್ನೂ ತಿರುಗುತ್ತಿರುತ್ತದೆ, ಕರೆಂಟ್ ಮಾತ್ರ ಇರುವುದಿಲ್ಲ. ಸ್ವಿಚ್ ಒತ್ತಿದ ಕ್ಷಣವೇ ಸದ್ದು ಸತ್ತರೆ ಅದು ಕರೆಂಟಿನ ಕಡೆಯ ತೊಂದರೆ. ರೆಕ್ಕೆ ನಿಲ್ಲುವ ತನಕ ಸದ್ದು ಜೊತೆಗೇ ಬಂದರೆ ಬೇರಿಂಗ್. ಆಮೇಲೆ ಪೂರ್ತಿ ನಿಂತಾಗ ಕೈಯಿಂದ ಮೆಲ್ಲಗೆ ತಿರುಗಿಸಿ ಬಿಡಿ. ಒಳ್ಳೇ ಬೇರಿಂಗ್ ಆದರೆ ಸುಮಾರು ಸುತ್ತು ತಾನೇ ಹೋಗಿ ನಿಧಾನಕ್ಕೆ ನಿಲ್ಲುತ್ತದೆ. ಗ್ರೀಸ್ ಒಣಗಿದ್ದರೆ ಕೈ ಬಿಟ್ಟ ಕೂಡಲೇ ಹಿಡಿದಂತೆ ನಿಲ್ಲುತ್ತದೆ.

ಕಿರಣ ಶಿರಸಿ: "ಸುಮಾರು ಸುತ್ತು" ಅಂದರೆ ಎಷ್ಟು? ಐದಾ, ಹದಿನೈದಾ? ಇಂಥ ಲೆಕ್ಕವಿಲ್ಲದ ಮಾತಿನಿಂದಲೇ ಜನ ತಪ್ಪು ಪಾರ್ಟ್ ಬದಲಾಯಿಸೋದು.

ರಾಜು ಎಲೆಕ್ಟ್ರಿಕಲ್ಸ್: ಇಷ್ಟೆಲ್ಲ ಯಾಕೆ? ಕಂಡೆನ್ಸರ್ ಬಿಚ್ಚಿ, ಅದರ ಎರಡು ವೈರ್ ಪ್ಲಗ್ಗಿನಲ್ಲಿ ಒಂದು ಸೆಕೆಂಡ್ ಇಟ್ಟು ತೆಗೆದು ಒಂದಕ್ಕೊಂದು ಮುಟ್ಟಿಸಿ. ಪಟ್ ಅಂತ ಕಿಡಿ ಬಂದರೆ ಕಂಡೆನ್ಸರ್ ಚೆನ್ನಾಗಿದೆ, ಬೇರಿಂಗ್ ನೋಡಿ. ಬರದಿದ್ದರೆ ಬಿಸಾಕಿ. 18 ವರ್ಷದಿಂದ ಹೀಗೇ ನೋಡ್ತಾ ಇದೀನಿ.

ಅಳೆದು ನೋಡಿ: ಸುಮಾ ಅವರೇ, ದಯವಿಟ್ಟು ಇದನ್ನು ಮಾಡಬೇಡಿ. ಬರಿಗೈಯಲ್ಲಿ ವೈರ್ ಹಿಡಿದು 230 ವೋಲ್ಟಿನ ಪ್ಲಗ್ಗಿಗೆ ತುರುಕುವುದು ಮನೆಯಲ್ಲಿ ಮಾಡುವ ಪರೀಕ್ಷೆ ಅಲ್ಲ. ಕಂಡೆನ್ಸರ್ ಒಳಗೆ ಶಾರ್ಟ್ ಆಗಿದ್ದರೆ ಕಿಡಿ ಬರುವುದು ನಿಮ್ಮ ಬೆರಳ ಹತ್ತಿರ. ಕೆಪಾಸಿಟಿ ಅಳೆಯುವ ಮಲ್ಟಿಮೀಟರ್ ಯಾರ ಹತ್ತಿರವಾದರೂ ಸಿಗುತ್ತದೆ, ಅದರಲ್ಲಿ ನೋಡಿಸಿ.

ರಾಜು ಎಲೆಕ್ಟ್ರಿಕಲ್ಸ್: "ಬರಿಗೈ" ಅಂತ ನಾನೆಲ್ಲಿ ಹೇಳಿದೆ? ಓದಿ ಮಾತಾಡಿ ಸ್ವಾಮಿ. ಇನ್ಸುಲೇಷನ್ ಇರೋ ವೈರನ್ನ ಕೆಲಸ ಗೊತ್ತಿರೋರು ಹೇಗೆ ಹಿಡೀಬೇಕೋ ಹಾಗೆ ಹಿಡೀತಾರೆ. ನನ್ನ ಗುರುಗಳು ಮೀಟರ್ ಮುಟ್ಟಿದವರೇ ಅಲ್ಲ, ಊರಿನ ಅರ್ಧ ಫ್ಯಾನ್ ಅವರ ಕೈಲೇ ಸರಿಯಾಗಿದ್ದು.

ಅಳೆದು ನೋಡಿ: ಗುರುಗಳ ಬಗ್ಗೆ ನಾನೇನೂ ಹೇಳಲಿಲ್ಲ. ಕೇಳಿದವರು ಎಲೆಕ್ಟ್ರಿಷಿಯನ್ ಅಲ್ಲ, ಮನೆ ನೋಡಿಕೊಳ್ಳುವವರು. ಅವರಿಗೆ ನೀವು ಕೊಟ್ಟ ಸಲಹೆ ಇದು. ಜೀವ ಹೋದರೆ ಗುರುಗಳು ಬರ್ತಾರಾ?

ರಾಜು ಎಲೆಕ್ಟ್ರಿಕಲ್ಸ್: ಈಗ ಜೀವದ ಮಾತಿಗೆ ಬಂದ್ರಾ. ನಾಲ್ಕು ವಿಡಿಯೋ ನೋಡಿ ಮೀಟರ್ ತಗೊಂಡೋರೆಲ್ಲ ನಮಗೆ ಪಾಠ ಹೇಳೋ ಹಾಗಾಯ್ತು.

ಗೀತಾ ಬಾಗಲಕೋಟೆ: ನಮ್ಮ ಮನ್ಯಾಗೂ ಫ್ಯಾನ್ ನಿಧಾನ ಆಗಿತ್ತು. ಸಂಜೆ ಏಳರಿಂದ ಒಂಬತ್ತರ ತನಕ ಅಷ್ಟೇ, ರಾತ್ರಿ ಹನ್ನೊಂದಾದ ಮ್ಯಾಲೆ ಜೋರು ತಿರುಗುತ್ತಿತ್ತು. ಕಂಡೆನ್ಸರೂ ಹಾಕಿಸಿದ್ವಿ, ಬೇರಿಂಗೂ ಹಾಕಿಸಿದ್ವಿ. ಕಡಿಗೆ ನೋಡಿದರ ವೋಲ್ಟೇಜ್ 170ಕ್ಕ ಇಳೀತಿತ್ತು. ಸುಮಾ, ನಿಮ್ಮಲ್ಲಿ ಎಲ್ಲಾ ಫ್ಯಾನೂ ನಿಧಾನನೋ, ಇದೊಂದೇನೋ?

ಸುಮಾ ತಿಪಟೂರು: ಇದೊಂದೇ ಗೀತಕ್ಕ. ರೂಮಿನ ಫ್ಯಾನ್ ಚೆನ್ನಾಗಿದೆ.

ವೈಂಡಿಂಗ್ ಮಂಜಣ್ಣ: ರಾಜು, ಅಪಾಯದ ಮಾತು ಬಿಡೋಣ, ನಿನಗೆ ಅಭ್ಯಾಸ ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಕಿಡಿ ಸುಳ್ಳು ಹೇಳುತ್ತದೆ. ಹೋದ ವಾರ ನನ್ನ ಟೇಬಲ್ ಮೇಲೆ ಬಂದ ಫ್ಯಾನಿನ ಕತೆ ಹೇಳ್ತೀನಿ. ಕಂಡೆನ್ಸರ್ ಮೇಲೆ ಬರೆದಿದ್ದು 2.5 ಮೈಕ್ರೋಫ್ಯಾರಡ್, 440 ವೋಲ್ಟ್. ಹೊರಗಿನಿಂದ ಹೊಸದರ ಹಾಗಿತ್ತು, ಉಬ್ಬಿರಲಿಲ್ಲ, ಸೋರಿರಲಿಲ್ಲ. ತಂದವರು ಕಿಡಿ ನೋಡಿ ಸರಿಯಿದೆ ಅಂತ ತೀರ್ಮಾನ ಮಾಡಿ, ಬೇರಿಂಗ್ ಎರಡೂ ಹೊಸದು ಹಾಕಿಸಿದ್ದರು. ಫ್ಯಾನ್ ಮಾತ್ರ ಹಾಗೇ ನಿಧಾನ. ಮೀಟರಿಗೆ ಹಾಕಿದೆ, 1.4 ತೋರಿಸಿತು. ಹೆಚ್ಚು ಕಡಿಮೆ ಅರ್ಧ ಶಕ್ತಿ ಹೋಗಿತ್ತು. ಹೊಸ 2.5 ಹಾಕಿದ ಕೂಡಲೇ ಫ್ಯಾನ್ ಮೊದಲಿನ ವೇಗಕ್ಕೆ ಬಂತು.

ಯಾಕೆ ಹೀಗೆ ಅಂದರೆ, ಒಳಗಿರುವುದು ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಮೇಲೆ ಲೋಹದ ಲೇಪ. ಎಲ್ಲಾದರೂ ಚುಚ್ಚಿಕೊಂಡರೆ ಆ ಜಾಗದ ಲೇಪ ಮಾತ್ರ ಸುಟ್ಟು ಉಳಿದದ್ದು ಕೆಲಸ ಮಾಡುತ್ತಲೇ ಇರುತ್ತದೆ. ವರ್ಷಾನುಗಟ್ಟಲೆ ಹೀಗೆ ಚುಕ್ಕಿ ಚುಕ್ಕಿಯಾಗಿ ಸವೆದು ಕೆಪಾಸಿಟಿ ಇಳಿಯುತ್ತದೆ. ಆದರೆ ಪ್ಲಗ್ಗಿಗೆ ಇಟ್ಟಾಗ 1.4 ಇರೋದೂ, 2.5 ಇರೋದೂ ತುಂಬಿಕೊಳ್ಳುವುದು ಅದೇ ವೋಲ್ಟೇಜ್. ಮುಟ್ಟಿಸಿದರೆ ಎರಡೂ ಪಟ್ ಅನ್ನುತ್ತವೆ. ಕಿವಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ರಾಜು ಎಲೆಕ್ಟ್ರಿಕಲ್ಸ್: "ಕಿವಿಗೆ ಗೊತ್ತಾಗಲ್ಲ" ಅಂತ ನೀವು ಹೇಳ್ತೀರ ಮಂಜಣ್ಣ. ನನಗೆ ಗೊತ್ತಾಗುತ್ತೆ. ಸೊರಗಿದ ಕಂಡೆನ್ಸರ್ ಕಿಡಿ ಕೆಂಪಗೆ, ಮೆತ್ತಗೆ ಬರುತ್ತೆ.

ಅಳೆದು ನೋಡಿ: ಹಾಗಾದರೆ ಇದಕ್ಕೆ ಉತ್ತರ ಕೊಡಿ. ಎ.ಸಿ. ಕರೆಂಟ್ ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಹೋಗುತ್ತದೆ. ನೀವು ವೈರ್ ಎಳೆದ ಕ್ಷಣ ಅದು ತುದಿಯಲ್ಲಿದ್ದರೆ ಕಂಡೆನ್ಸರಿನಲ್ಲಿ 300ಕ್ಕೂ ಜಾಸ್ತಿ ವೋಲ್ಟ್ ಉಳಿಯುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಏನೂ ಉಳಿಯುವುದಿಲ್ಲ. ಅಂದರೆ ಅಂಗಡಿಯಿಂದ ಆಗ ತಾನೇ ತಂದ ಹೊಸ ಕಂಡೆನ್ಸರೂ ಒಮ್ಮೊಮ್ಮೆ ಕಿಡಿಯನ್ನೇ ಕೊಡುವುದಿಲ್ಲ. ನೀವು "ಬಿಸಾಕಿ" ಅಂದಿದ್ದರಲ್ಲ, ಎಷ್ಟು ಒಳ್ಳೇವು ಬಿಸಾಕಿಸಿದ್ದೀರಿ ಇಷ್ಟು ವರ್ಷದಲ್ಲಿ?

ರಾಜು ಎಲೆಕ್ಟ್ರಿಕಲ್ಸ್: ಅದಕ್ಕೇ ಮೂರು ಸಲ ಮಾಡಿ ನೋಡೋದು! ಒಂದೇ ಸಲ ಮಾಡಿ ಯಾರು ಬಿಸಾಕ್ತಾರೆ? ಬಿಸಿಲಲ್ಲಿ ಏಣಿ ಮೇಲೆ ನಿಂತು ಕೆಲಸ ಮಾಡಿದ್ರೆ ತಿಳಿಯುತ್ತೆ, ಕೂತಲ್ಲೇ ಲೆಕ್ಕ ಹೇಳೋದು ಸುಲಭ.

ಅಳೆದು ನೋಡಿ: ಮೊದಲು ಒಂದು ಸೆಕೆಂಡ್ ಅಂದಿರಿ, ಈಗ ಮೂರು ಸಲ ಅಂತೀರಿ. ಮೇಲೆ ನೀವೇ ಬರೆದದ್ದು ಹಾಗೇ ಇದೆ, ಎಲ್ಲರೂ ಓದಬಹುದು.

ಕಿರಣ ಶಿರಸಿ: ಇವರಿಬ್ಬರ ಜಗಳದಲ್ಲಿ ನನ್ನ ಪ್ರಶ್ನೆ ಕಳೆದುಹೋಯಿತು. 2ರಲ್ಲಿ ಶುರು ಆಗಲ್ಲ ಅಂತ ಸುಮಾ ಅವರೇ ಬರೆದಿದ್ದಾರೆ. ಬಿಗಿ ಹಿಡಿದ ಬೇರಿಂಗ್ ಆದರೂ ಹಾಗೇ ಅಲ್ವಾ ಆಗೋದು?

ವೈಂಡಿಂಗ್ ಮಂಜಣ್ಣ: ಆಗುತ್ತದೆ, ಅದು ನಿಜ. ಅದಕ್ಕೇ ಕೈಯಿಂದ ತಿರುಗಿಸಿ ನೋಡಿ ಅಂದದ್ದು. ಸುತ್ತು ಎಣಿಸಬೇಕಿಲ್ಲ ಕಿರಣ್, ರೂಮಿನ ಫ್ಯಾನ್ ಚೆನ್ನಾಗಿದೆ ಅಂದರಲ್ಲ, ಅದನ್ನೂ ಅಷ್ಟೇ ಜೋರಾಗಿ ತಿರುಗಿಸಿ ಹೋಲಿಸಲಿ. ಕೈಯಿಂದ ಹಗುರವಾಗಿ ತಿರುಗುವ ಫ್ಯಾನ್ ಕರೆಂಟ್ ಕೊಟ್ಟಾಗ ಒದ್ದಾಡಿದರೆ ಬೇರಿಂಗ್ ಮೇಲೆ ಹೇಗೆ ತಪ್ಪು ಹೊರಿಸುತ್ತೀಯ?

ಸುಮಾ ತಿಪಟೂರು: ಈಗ ತಾನೇ ನೋಡಿದೆ. ಸ್ವಿಚ್ ಆಫ್ ಮಾಡಿದ ತಕ್ಷಣ ಗುಂಯ್ ನಿಂತಿತು. ರೆಕ್ಕೆ ಮಾತ್ರ ಸದ್ದಿಲ್ಲದೆ ತಿರುಗುತ್ತಲೇ ಇತ್ತು, ಮಗ ಗಡಿಯಾರ ನೋಡಿದ, 40 ಸೆಕೆಂಡ್. ಸ್ಟೂಲ್ ಮೇಲೆ ನಿಂತು ಕೈಯಿಂದ ತಿರುಗಿಸಿದರೆ ರೂಮಿನ ಫ್ಯಾನಿನಷ್ಟೇ ಹಗುರ.

ವೈಂಡಿಂಗ್ ಮಂಜಣ್ಣ: ಹಾಗಾದರೆ ಕಂಡೆನ್ಸರ್ ಹಾಕಿಸಿ. ನೂರು ರೂಪಾಯಿ ಒಳಗಿನ ಕೆಲಸ, ಫ್ಯಾನ್ ಇಳಿಸಬೇಕಾಗಿಲ್ಲ. ಬಿಚ್ಚುವ ಮೊದಲು ಸ್ವಿಚ್ ಅಷ್ಟೇ ಅಲ್ಲ, ಎಂಸಿಬಿಯನ್ನೂ ಇಳಿಸಿ. ಹಳೇ ವೈರಿಂಗಿನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲಿರುವುದೂ ಉಂಟು, ಆಗ ಆಫ್ ಮಾಡಿದರೂ ಫ್ಯಾನಿಗೆ ಫೇಸ್ ಬರುತ್ತಲೇ ಇರುತ್ತದೆ. ಯಾವ ಬಣ್ಣದ ವೈರ್ ಎಲ್ಲಿತ್ತು ಅಂತ ಫೋಟೋ ಇಟ್ಟುಕೊಳ್ಳಿ. ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿ ಮೇಲಕ್ಕೆ ಹೋಗುತ್ತದೆ. ಹೊಸದು ಹಾಕಿದರೂ ವೇಗ ಬರದೆ ಬಾಡಿ ಕೈ ಇಡಲಾಗದಷ್ಟು ಬಿಸಿ ಆದರೆ ವೈಂಡಿಂಗ್ ಶಾರ್ಟ್ ಇರಬಹುದು, ಆಗ ಇಳಿಸಲೇಬೇಕು.

ರಾಜು ಎಲೆಕ್ಟ್ರಿಕಲ್ಸ್: ಹಾಕೋದೇ ಆದರೆ 3.15 ಹಾಕಿಸಿ ಮೇಡಂ, ಇನ್ನೂ ಜೋರಾಗಿ ತಿರುಗುತ್ತೆ. ನಾನು ಎಷ್ಟೋ ಮನೆಗೆ ಹಾಕಿದೀನಿ.

ವೈಂಡಿಂಗ್ ಮಂಜಣ್ಣ: ಹಳೆಯದರ ಮೇಲೆ ಏನು ಬರೆದಿದೆಯೋ ಅಷ್ಟೇ ಹಾಕಿಸಿ. ಜಾಸ್ತಿ ಹಾಕಿದರೆ ಸ್ಟಾರ್ಟಿಂಗ್ ವೈಂಡಿಂಗ್ ಜಾಸ್ತಿ ಕರೆಂಟ್ ಎಳೆದು ಕಾಯುತ್ತದೆ. ರಾಜು ಹಾಕಿದ ಫ್ಯಾನ್ ನಾಲ್ಕು ವರ್ಷದ ಮೇಲೆ ಸುಟ್ಟರೆ ಅದು ನನ್ನ ಅಂಗಡಿಗೆ ಬರುತ್ತದೆ, ಅವನಿಗೆ ಗೊತ್ತಾಗುವುದಿಲ್ಲ.

ರಾಜು ಎಲೆಕ್ಟ್ರಿಕಲ್ಸ್: ಒಂದು ಫ್ಯಾನ್ ತೋರಿಸಿ ಮಂಜಣ್ಣ, ನಾನು ಹಾಕಿ ಸುಟ್ಟಿದ್ದು. ಒಂದೇ ಒಂದು.

ಸುಮಾ ತಿಪಟೂರು: ಎಲ್ಲರಿಗೂ ಥ್ಯಾಂಕ್ಸ್. ಬೇರೆ ಎಲೆಕ್ಟ್ರಿಷಿಯನ್ ಕರೆಸಿ 2.5 ಹಾಕಿಸಿದೆ. ಅವರ ಹತ್ತಿರ ಮೀಟರ್ ಇತ್ತು, ಹಳೆಯದು 1.6 ತೋರಿಸಿತು. ಈಗ 2ರಲ್ಲೂ ತಾನೇ ಶುರು ಆಗುತ್ತದೆ, 5ರಲ್ಲಿ ಪೇಪರ್ ಹಾರಿಹೋಗುವಷ್ಟು ಗಾಳಿ. ಗುಂಯ್ ಇಲ್ಲ. ಆದರೆ ಜೋರಾಗಿ ತಿರುಗುವಾಗ ಟಿಕ್ ಟಿಕ್ ಅಂತ ಹೊಸದಾಗಿ ಕೇಳುತ್ತಿದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬರುತ್ತದೆ.

ಕಿರಣ ಶಿರಸಿ: ಆಫ್ ಮಾಡಿದ ಮೇಲೂ ಬರುತ್ತದೆ! ಮಂಜಣ್ಣ ಹೇಳಿದ ಲೆಕ್ಕದಲ್ಲೇ ಅದು ಬೇರಿಂಗ್. ನಾನು ಮೊದಲ ದಿನವೇ ಹೇಳಿದ್ದೆ.

ವೈಂಡಿಂಗ್ ಮಂಜಣ್ಣ: ನೀನು ಮೊದಲ ದಿನ ಹೇಳಿದ್ದು ಗುಂಯ್ ಬಗ್ಗೆ. ಸುತ್ತಿಗೊಂದು ಸಲ ಟಿಕ್ ಅಂದರೆ ರೆಕ್ಕೆಯ ಸ್ಕ್ರೂ ಸಡಿಲ ಇರಬಹುದು, ಮೇಲಿನ ಪ್ಲಾಸ್ಟಿಕ್ ಕಪ್ ಸೀಲಿಂಗಿಗೆ ತಾಗುತ್ತಿರಬಹುದು. ಕಂಡೆನ್ಸರ್ ಹಾಕುವಾಗ ಆ ಕಪ್ ಇಳಿಸಿದ್ದರಲ್ಲ. ಸುಮಕ್ಕ, ಅದನ್ನು ಒಂದು ಬೆರಳು ಕೆಳಗೆ ಜರುಗಿಸಿ ಬಿಗಿ ಮಾಡಿ, ಸ್ಕ್ರೂಗಳನ್ನೂ ನೋಡಿ. ಆಮೇಲೂ ಬಂದರೆ ಬೇರಿಂಗ್ ಮಾತಾಡೋಣ.

ಸುಮಾ ತಿಪಟೂರು: ಏಣಿ ಪಕ್ಕದ ಮನೆಯವರು ತೆಗೆದುಕೊಂಡು ಹೋಗಿದ್ದಾರೆ. ಭಾನುವಾರ ನೋಡಿ ಹೇಳ್ತೀನಿ.