ಕತ್ತೆ ಅಂದರೆ ನಗು, ಹಂದಿ ಅಂದರೆ ಜಗಳ. ಯಾಕೆ ಹೀಗೆ?

ವಿಮಲಾ: ನಮ್ಮ ಜೊತೆ ಕೆಲಸ ಮಾಡುವ ಇಬ್ಬರು ಒಳ್ಳೆ ಗೆಳೆಯರು. ಒಬ್ಬ ಇನ್ನೊಬ್ಬನನ್ನು ದಿನಾ "ಲೋ ಕತ್ತೆ" ಅಂತ ಕರೀತಾನೆ, ಅವನು ನಗ್ತಾನೆ. ಮೊನ್ನೆ ಅದೇ ಸಲಿಗೆಯಲ್ಲಿ "ಹಂದಿ" ಅಂದ. ಅವತ್ತಿಂದ ಇಬ್ಬರಿಗೂ ಮಾತಿಲ್ಲ. ಎರಡೂ ಪ್ರಾಣಿಗಳೇ ಅಲ್ವಾ? ಒಂದು ಯಾಕೆ ತಟ್ಟಲಿಲ್ಲ, ಇನ್ನೊಂದು ಯಾಕೆ ಚುಚ್ಚಿತು? ಬೇರೆ ದೇಶಗಳಲ್ಲೂ ಹೀಗೇನಾ?

ನೇರನುಡಿ: ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಎಲ್ಲಾ ಧರ್ಮದ ಪ್ರಭಾವ. ಯಹೂದಿಗಳಿಗೆ ಹಂದಿ ನಿಷಿದ್ಧ, ಮುಸ್ಲಿಮರಿಗೂ ನಿಷಿದ್ಧ. ನಿಷಿದ್ಧವಾದದ್ದು ಹೊಲಸು, ಹೊಲಸಾದದ್ದು ಬೈಗುಳ. ಕತ್ತೆಗೆ ಅಂಥ ಕಟ್ಟುಪಾಡು ಇಲ್ಲ, ಅದಕ್ಕೇ ಅದು ಹಗುರ. ಮುಗೀತು.

ಹಳೇ ಮೇಷ್ಟ್ರು: ಅಷ್ಟು ಬೇಗ ಮುಗಿಸಬೇಡಿ. ಯಹೂದಿ ಶಾಸ್ತ್ರದಲ್ಲಿ ಕತ್ತೆಯ ಮಾಂಸವೂ ನಿಷಿದ್ಧ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು ಅನ್ನುವುದು ಅಲ್ಲಿನ ನಿಯಮ. ಹಂದಿಗೆ ಗೊರಸು ಸೀಳಿದೆ, ಮೆಲುಕಿಲ್ಲ. ಕತ್ತೆಗೆ ಎರಡೂ ಇಲ್ಲ. ಆ ಲೆಕ್ಕದಲ್ಲಿ ಕತ್ತೆಯೇ ಇನ್ನೂ ದೊಡ್ಡ ಬೈಗುಳ ಆಗಬೇಕಿತ್ತು. ಹಾಗೆ ಆಗಲಿಲ್ಲ. ಇನ್ನೊಂದು ಕಡೆ ನೋಡಿ. ಯುರೋಪಿನ ಕ್ರೈಸ್ತರು ನೂರಾರು ವರ್ಷದಿಂದ ಹಂದಿ ತಿನ್ನುತ್ತಾ ಬಂದವರು. ಜರ್ಮನರಲ್ಲಂತೂ ಹಂದಿ ಅದೃಷ್ಟದ ಗುರುತು, ಹೊಸ ವರ್ಷಕ್ಕೆ ಪುಟ್ಟ ಹಂದಿಗೊಂಬೆ ಕೊಡುತ್ತಾರೆ. ಆದರೂ ಅದೇ ಜರ್ಮನನ್ನು ಹಂದಿ ಅಂದು ನೋಡಿ, ಕೆರಳುತ್ತಾನೆ. ತಿನ್ನುವುದು, ಬಿಡುವುದು ಒಂದೇ ಕಾರಣ ಅಲ್ಲ.

ನೇರನುಡಿ: ಸರಿ, ಹಾಗಾದರೆ ನಿಮ್ಮ ಕಾರಣ ಏನು?

ಹಳೇ ಮೇಷ್ಟ್ರು: ಎಡ್ಮಂಡ್ ಲೀಚ್ ಅನ್ನುವ ಇಂಗ್ಲಿಷ್ ಮಾನವಶಾಸ್ತ್ರಜ್ಞ 1964ರಲ್ಲಿ ಇದರ ಮೇಲೇ ಒಂದು ಪ್ರಬಂಧ ಬರೆದ. ಅವನ ಪ್ರಶ್ನೆ ತಮಾಷೆಯಾಗಿದೆ. ಒಬ್ಬನನ್ನು ಹಂದಿ ಅಂದರೆ ಸಿಟ್ಟು ಬರುತ್ತದೆ, ಕಾಂಗರೂ ಮಗನೇ ಅಂದರೆ ಯಾಕೆ ಬರುವುದಿಲ್ಲ? ಅವನ ಉತ್ತರ ಇದು: ದೂರದ ಪ್ರಾಣಿ ಬೈಗುಳಕ್ಕೆ ಬರುವುದಿಲ್ಲ. ನಮ್ಮ ಹತ್ತಿರವೇ ಇದ್ದು, ನಮ್ಮದೋ ಅಲ್ಲವೋ ಎಂದು ಗೊತ್ತಾಗದಂತಿರುವ ಪ್ರಾಣಿಯೇ ಚುಚ್ಚುತ್ತದೆ.

ಹಂದಿಯ ವಿಷಯದಲ್ಲಿ ಅವನು ಕೊಟ್ಟ ವಿವರ ನನಗೆ ತುಂಬಾ ಹಿಡಿಸಿತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಂದಿಗೂಡು ಹಿತ್ತಿಲಲ್ಲೇ ಇರುತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಕಿದ್ದು ನಾಯಿಗೂ ಹೋಗುತ್ತಿತ್ತು, ಹಂದಿಗೂ ಹೋಗುತ್ತಿತ್ತು. ಅಂದರೆ ಹಂದಿ ಹೆಚ್ಚುಕಮ್ಮಿ ಮನೆಯದೇ ಜೀವ. ಆದರೆ ಕುರಿ ಉಣ್ಣೆ ಕೊಡುತ್ತದೆ, ಹಸು ಹಾಲು ಕೊಡುತ್ತದೆ. ಹಂದಿಯನ್ನು ಸಾಕುವುದು ಕೊಲ್ಲುವುದಕ್ಕೆ ಮಾತ್ರ. ಕೈಯಾರೆ ಉಣಿಸಿ ಕೊಲ್ಲುವುದರಲ್ಲಿ ಒಂದು ನಾಚಿಕೆ ಇದೆ, ಆ ನಾಚಿಕೆಯನ್ನು ಜನ ಹಂದಿಯ ತಲೆಗೇ ಕಟ್ಟಿದರು ಅನ್ನುತ್ತಾನೆ. ಇದು ಇಂಗ್ಲೆಂಡಿನ ಕತೆ, ಎಲ್ಲ ಕಡೆಗೂ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. 1976ರಲ್ಲಿ ಜಾನ್ ಹಾಲ್ವರ್ಸನ್ ಎಂಬಾತ ಲೀಚ್‌ನ ಲೆಕ್ಕವೇ ಕೂಡುವುದಿಲ್ಲ ಎಂದು ಖಂಡಿಸಿದ್ದೂ ಉಂಟು.

ದನದ ಡಾಕ್ಟ್ರು: ಎಲ್ಲರೂ ಸುಮ್ನೆ ಆ ಪ್ರಾಣಿಗಳಿಗೆ ಅನ್ಯಾಯ ಮಾಡ್ತಿದ್ದೀರಿ. ನಾನು ಇವೆರಡಕ್ಕೂ ಚಿಕಿತ್ಸೆ ಕೊಟ್ಟವನು. ಕತ್ತೆ ದಡ್ಡ ಅಲ್ಲ. ಕುದುರೆ ಹೆದರಿದರೆ ಓಡುತ್ತದೆ, ಕತ್ತೆ ಹೆದರಿದರೆ ನಿಲ್ಲುತ್ತದೆ. ಏನಾಗುತ್ತಿದೆ ಅಂತ ಗೊತ್ತಾಗುವವರೆಗೂ ಕಾಲು ಕೀಳುವುದಿಲ್ಲ. ಅವಸರದಲ್ಲಿರುವ ಮಾಲೀಕನಿಗೆ ಅದು ಮೊಂಡುತನವಾಗಿ ಕಾಣುತ್ತದೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಕೆಸರಲ್ಲಿ ಹೊರಳುತ್ತದೆ. ಜಾಗ ಸಾಕಷ್ಟು ಕೊಟ್ಟು ನೋಡಿ. ಮಲಗುವುದು ಒಂದು ಕಡೆ, ಸಗಣಿ ಹಾಕುವುದು ಇನ್ನೊಂದು ಕಡೆ. ಇಕ್ಕಟ್ಟಿನ ಗೂಡಲ್ಲಿ ಕೂಡಿಹಾಕಿ ಗಲೀಜು ಅನ್ನುವುದು ಯಾವ ನ್ಯಾಯ? ಹಂದಿ ಅಂದರೆ ಹೊಗಳಿಕೆ ಅಂದುಕೊಳ್ಳಲಿ ನಿಮ್ಮ ಗೆಳೆಯ.

ವಿಮಲಾ: ಡಾಕ್ಟ್ರೇ, ನಾನು ಕೇಳಿದ್ದು ಹಂದಿಗೆ ನೋವಾಗುತ್ತಾ ಅಂತ ಅಲ್ಲ, ಮನುಷ್ಯನಿಗೆ ಯಾಕೆ ಆಯ್ತು ಅಂತ. 😀

ಪಲ್ಲವಿ: ನನ್ನ ಅನುಭವ ಹೇಳ್ತೀನಿ. ಕಾಲೇಜಿನಲ್ಲಿ ನಾನು ಸ್ವಲ್ಪ ದಪ್ಪ ಇದ್ದೆ. ಹಿಂದಿನ ಬೆಂಚಿನ ಹುಡುಗರು ನನ್ನ ಹೆಸರು ಎತ್ತುತ್ತಿರಲಿಲ್ಲ, "ಹಂದಿ" ಅನ್ನುವ ಮಾತೂ ಆಡುತ್ತಿರಲಿಲ್ಲ. ನಾನು ಡಬ್ಬಿ ಮುಚ್ಚಳ ತೆಗೆದರೆ ಸಾಕು, ಮೂಗಿನಿಂದ "ಗೊರ್" ಅಂತ ಒಂದು ಸದ್ದು. ಅಷ್ಟೇ. ಎಲ್ಲರಿಗೂ ಅರ್ಥ ಆಗುತ್ತಿತ್ತು. ಅದೇ ಹುಡುಗರು ಲೆಕ್ಕ ತಪ್ಪಾದಾಗ ಕತ್ತೆ ಅಂತ ಬೈದದ್ದೂ ಉಂಟು, ಅದಕ್ಕೆ ನಾನು ತಿರುಗಿ ಬೈದೆ. ಮುಂದಿನ ಟೆಸ್ಟಲ್ಲಿ ಜಾಸ್ತಿ ಅಂಕ ತೆಗೆದು ಬಾಯಿ ಮುಚ್ಚಿಸಿದೆ. ಆ ಗೊರ್ ಸದ್ದಿಗೆ ಏನಂತ ಉತ್ತರ ಕೊಡಲಿ? ಯಾವ ಅಂಕ ತೋರಿಸಲಿ?

ಹಳೇ ಮೇಷ್ಟ್ರು: ಪಲ್ಲವಿ ಅವರು ನನಗಿಂತ ಚೆನ್ನಾಗಿ ಹೇಳಿದರು. ಕತ್ತೆ ಅನ್ನುವುದು ಬುದ್ಧಿಯ ಮೇಲಿನ ದೂರು. ಇವತ್ತು ನೀನು ಮಾಡಿದ ಕೆಲಸ ಪೆದ್ದು ಅಂತ. ಆ ದೂರನ್ನು ನಾಳೆ ಸುಳ್ಳು ಮಾಡಿ ತೋರಿಸಬಹುದು. ಅಪ್ಪ ಅಮ್ಮ ಮಕ್ಕಳನ್ನೇ ಕತ್ತೆ ಅನ್ನುತ್ತಾರೆ, ಯಾಕೆಂದರೆ ತಿದ್ದಬಹುದು ಅನ್ನುವ ನಂಬಿಕೆ ಅದರೊಳಗೇ ಇದೆ. ಹಂದಿ ಅನ್ನುವುದು ಮೈಯ ಮೇಲಿನ, ನಡತೆಯ ಮೇಲಿನ ಮಾತು. ನಿನ್ನ ಹತ್ತಿರ ಕೂರಲು ಹೇಸಿಗೆ ಅನ್ನುವ ಅರ್ಥ ಬರುತ್ತದೆ. ಸುಳ್ಳು ಮಾಡಿ ತೋರಿಸಲು ದಾರಿಯೇ ಇಲ್ಲ.

ನಾನು ಊಹಿಸಿ ಹೇಳುತ್ತಿಲ್ಲ. ಆಸ್ಟ್ರೇಲಿಯಾದ ನಿಕ್ ಹ್ಯಾಸ್ಲಮ್ ಮತ್ತು ಜೊತೆಗಾರರು 2011ರಲ್ಲಿ ಪ್ರಾಣಿ ಬೈಗುಳಗಳನ್ನೇ ಇಟ್ಟುಕೊಂಡು ಅಧ್ಯಯನ ಮಾಡಿದರು. ಬೈಗುಳಗಳ ಅರ್ಥ ಹೆಚ್ಚಾಗಿ ಮೂರು ಕಡೆ ವಾಲುತ್ತದೆ: ನೀಚತನ, ಒರಟುತನ, ದಡ್ಡತನ. ಯಾವುದು ಜಾಸ್ತಿ ನೋಯಿಸುತ್ತದೆ ಅನ್ನುವುದಕ್ಕೆ ಎರಡು ಮುಖ್ಯ ಕಾರಣ ಸಿಕ್ಕವು. ಒಂದು, ಆ ಪ್ರಾಣಿಯನ್ನು ಕಂಡರೆ ಹುಟ್ಟುವ ಹೇಸಿಗೆ. ಹಾವು, ಇಲಿ, ಜಿಗಣೆ ಈ ದಾರಿಯಲ್ಲಿ ಬರುತ್ತವೆ. ಇನ್ನೊಂದು, ನೀನು ಮನುಷ್ಯನೇ ಅಲ್ಲ ಅಂತ ಕೆಳಗೆ ತಳ್ಳುವುದು. ಕೋತಿ, ನಾಯಿ ಈ ದಾರಿಯಲ್ಲಿ. ಕೋತಿಯನ್ನು ಕಂಡು ಯಾರೂ ಹೇಸುವುದಿಲ್ಲ, ಆದರೂ ಕಪ್ಪು ಆಟಗಾರನಿಗೆ ಮೈದಾನದಲ್ಲಿ ಕೋತಿ ಸದ್ದು ಮಾಡಿದರೆ ಅದು ಎಷ್ಟು ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಹೇಳುವ ದನಿ, ಹೇಳಿಸಿಕೊಳ್ಳುವವರು ಗಂಡೋ ಹೆಣ್ಣೋ, ನಮ್ಮವರೋ ಹೊರಗಿನವರೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಂತ ಅವರು ಕಂಡುಕೊಂಡರು. ಹಂದಿಯಲ್ಲಿ ಈ ಎರಡು ದಾರಿಯೂ ಸೇರುತ್ತವೆ ಅನ್ನುವುದು ನನ್ನ ಲೆಕ್ಕ, ಅವರದ್ದಲ್ಲ.

ಕೊಂಕುಮಾತು: ಕತ್ತೆ ಹಗುರ, ಹಂದಿ ಭಾರ ಅಂತ ತೀರ್ಪು ಕೊಟ್ಟೇಬಿಟ್ಟಿರಲ್ಲ ಮೇಷ್ಟ್ರೇ. ರೋಮ್‌ನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕ ಗೋಡೆ ಗೀಚು ನೆನಪಿದೆಯಾ? ಶಿಲುಬೆಯ ಮೇಲೆ ಒಬ್ಬ ಮನುಷ್ಯ, ಅವನಿಗೆ ಕತ್ತೆಯ ತಲೆ. ಕೆಳಗೆ ಕೈ ಎತ್ತಿ ನಿಂತ ಒಬ್ಬ ಹುಡುಗ. "ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ" ಅಂತ ಗ್ರೀಕ್‌ನಲ್ಲಿ ಬರಹ. ಯಾರೋ ಕ್ರೈಸ್ತ ಹುಡುಗನನ್ನು ಅವನ ಜೊತೆಗಾರರು ಆಡಿಕೊಂಡದ್ದು. ಇದು ಹಗುರವಾ? ಅರಬ್ಬಿ, ಪಾರಸಿ ಮಾತಾಡುವವರಲ್ಲೂ ಕತ್ತೆ ಅಂದರೆ ಸುಮ್ಮನೆ ನಕ್ಕು ಬಿಡುವ ಮಾತಲ್ಲ.

ಹಳೇ ಮೇಷ್ಟ್ರು: ಒಳ್ಳೆ ಉದಾಹರಣೆ. ಹಗುರ ಅಲ್ಲವೇ ಅಲ್ಲ. ಆದರೆ ಅಲ್ಲೂ ಆಯುಧ ನಗೆ. ಎಂಥ ಪೆದ್ದನಪ್ಪಾ ನೀನು, ಕತ್ತೆಗೆ ಕೈ ಮುಗೀತೀಯಲ್ಲ ಅಂತ. ಇದನ್ನು ವಿಟೆನ್‌ಬರ್ಗಿನ ಕಲ್ಲಿನ ಪಕ್ಕ ಇಟ್ಟು ನೋಡಿ.

ಜರ್ಮನಿಯ ವಿಟೆನ್‌ಬರ್ಗ್ ಊರಿನ ಚರ್ಚಿನ ಹೊರಗೋಡೆಯಲ್ಲಿ 13ನೇ ಶತಮಾನದ ಒಂದು ಉಬ್ಬುಶಿಲ್ಪ ಇದೆ. ಒಂದು ಹೆಣ್ಣುಹಂದಿ, ಅದರ ಮೊಲೆ ಚೀಪುತ್ತಿರುವ ಯಹೂದಿಗಳು, ಬಾಲ ಎತ್ತಿ ಇಣುಕುತ್ತಿರುವ ಒಬ್ಬ ಗುರು. ಅಲ್ಲಿ ಯಾರೂ ಪೆದ್ದರು ಅಂತ ಹೇಳುತ್ತಿಲ್ಲ. ಇವರು ಹಂದಿಯ ಸಂತಾನ, ಇವರನ್ನು ಹತ್ತಿರ ಸೇರಿಸಬೇಡಿ ಅಂತ ಹೇಳುತ್ತಿದೆ. ಹಂದಿಯನ್ನು ಮುಟ್ಟದ ಜನಕ್ಕೆ ಹಂದಿಯ ಹಾಲು ಕುಡಿಸಿದ ಚಿತ್ರ ಅದು. ನೇರನುಡಿ ಅವರ ಮಾತು ಇಲ್ಲಿ ಅರ್ಧ ನಿಜ, ನಿಷೇಧವನ್ನು ಹುಡುಕಿ ಅಲ್ಲೇ ಹೊಡೆದಿದ್ದಾರೆ. 1988ರಲ್ಲಿ ಅದರ ಕೆಳಗೆ ನೆಲದಲ್ಲಿ ಒಂದು ಸ್ಮಾರಕ ಫಲಕ ಹಾಕಿದರು. ಆದರೂ ಒಬ್ಬ ಯಹೂದಿ ನಾಗರಿಕ ಇದನ್ನು ತೆಗೆಸಿ ಅಂತ ಕೋರ್ಟಿಗೆ ಹೋದರು. 2022ರಲ್ಲಿ ಅಲ್ಲಿನ ಮೇಲಿನ ಕೋರ್ಟು ಏನು ಹೇಳಿತು ಗೊತ್ತಾ? ಶಿಲ್ಪವನ್ನಷ್ಟೇ ನೋಡಿದರೆ ಅದು ಅವಮಾನವೇ, ಆದರೆ ಫಲಕ ಮತ್ತು ವಿವರಣೆ ಸೇರಿ ಅದು ಈಗ ಎಚ್ಚರಿಕೆಯ ಸ್ಮಾರಕವಾಗಿದೆ, ಇರಲಿ ಅಂತ. ಏಳು ಶತಮಾನ ಹಳೆಯ ಬೈಗುಳ ಇನ್ನೂ ಕೋರ್ಟು ಮೆಟ್ಟಿಲು ಹತ್ತಿಸುತ್ತದೆ. ಆ ಕತ್ತೆ ಗೀಚನ್ನು ಇವತ್ತು ಕ್ರೈಸ್ತರೇ ಕುತೂಹಲದಿಂದ ನೋಡುತ್ತಾರೆ.

ಕೊಂಕುಮಾತು: ಅದಕ್ಕೆ ಕಾರಣ ಪ್ರಾಣಿ ಅಲ್ಲ, ಇತಿಹಾಸ. ಕ್ರೈಸ್ತರು ಗೆದ್ದರು, ಹಾಗಾಗಿ ಅವರಿಗೆ ಆ ಗೀಚು ಈಗ ನೋಯಿಸುವುದಿಲ್ಲ. ಯಹೂದಿಗಳಿಗೆ ಏನಾಯಿತು ಅಂತ ಗೊತ್ತೇ ಇದೆ. ಅಮೆರಿಕದಲ್ಲಿ ನೋಡಿ. 1828ರ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್‌ನನ್ನು ಎದುರಾಳಿಗಳು ಕತ್ತೆ ಅಂದರು. 1870ರಿಂದ ಥಾಮಸ್ ನ್ಯಾಸ್ಟ್‌ನ ವ್ಯಂಗ್ಯಚಿತ್ರಗಳು ಬಂದವು, ಆಮೇಲೆ ಕತ್ತೆ ಡೆಮಾಕ್ರಟಿಕ್ ಪಕ್ಷದ ಗುರುತೇ ಆಗಿಹೋಯಿತು. ಕತ್ತೆ ಆದ್ದರಿಂದ ಹಾಗಾಯಿತು ಅಂತೀರಾ? ಅಲ್ಲಿನ ಪೊಲೀಸರನ್ನು ಪ್ರತಿಭಟನೆಕಾರರು ಹಂದಿ ಅಂತಲೇ ಬೈಯುತ್ತಾ ಬಂದರು. ಆದರೆ ಸ್ಯಾಕ್ರಮೆಂಟೊದ ಪೊಲೀಸರು ತಮ್ಮ ಫುಟ್‌ಬಾಲ್ ಪಂದ್ಯಕ್ಕೆ ಪಿಗ್ ಬೌಲ್ ಅಂತಲೇ ಹೆಸರಿಟ್ಟುಕೊಂಡು ಆಡಿದರು. ಕೈಯಲ್ಲಿ ಲಾಠಿ ಇದ್ದವನಿಗೆ ಹಂದಿಯೂ ಹಗುರ.

ಹಳೇ ಮೇಷ್ಟ್ರು: ಪಿಗ್ ಬೌಲ್ ಮಾತು ಒಪ್ಪುತ್ತೇನೆ. ಮೇಲಿನವನಿಗೆ ಎಸೆದ ಬೈಗುಳ ಜಾರುತ್ತದೆ, ಕೆಳಗಿನವನಿಗೆ ಎಸೆದದ್ದು ಅಂಟುತ್ತದೆ. ಆದರೆ ಪ್ರಾಣಿಗೆ ಏನೂ ಪಾತ್ರ ಇಲ್ಲ ಅನ್ನುವುದನ್ನು ಒಪ್ಪಲಾರೆ. ಹಾಗಿದ್ದರೆ ಆ ಶಿಲ್ಪಿ ಕತ್ತೆಯನ್ನೇ ಕೆತ್ತಬಹುದಿತ್ತು.

ನೇರನುಡಿ: ಚೀನಾದಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ಹಂದಿ ಅಂತ ಮುದ್ದು ಮಾಡ್ತಾರಂತೆ. ಅದಕ್ಕೇನಂತೀರಿ?

ಹಳೇ ಮೇಷ್ಟ್ರು: ಮಾಡುತ್ತಾರೆ. ಅಲ್ಲಿ ಹಂದಿ ಅಂದರೆ ಮುಖ್ಯವಾಗಿ ಪೆದ್ದು, ಸೋಮಾರಿ. ಬೇರೆ ಕಡೆ ಕತ್ತೆ ಮಾಡುವ ಕೆಲಸವನ್ನು ಅಲ್ಲಿ ಹಂದಿ ಮಾಡುತ್ತದೆ. ಅವರಿಗೆ ನಿಜವಾಗಿ ಚುಚ್ಚುವುದು ಆಮೆ. ಆಮೆಯ ಮೊಟ್ಟೆ ಅಂದರೆ ಹೊಡೆದಾಟ ಆಗಬಹುದು, ಯಾಕೆಂದರೆ ಅದು ಹುಟ್ಟಿನ ಮೇಲಿನ ಮಾತು.

ವಿಮಲಾ: ಒಂದು ವಿಷಯ ನಾನು ಬರೆದಿರಲಿಲ್ಲ, ಮುಖ್ಯ ಅನ್ನಿಸಿರಲಿಲ್ಲ. ಅವನು ಹಂದಿ ಅಂದಾಗ ನಾವು ಐದಾರು ಜನ ಊಟಕ್ಕೆ ಕೂತಿದ್ದೆವು. ಇವನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ.

ಪಲ್ಲವಿ: ಓ. ಹಾಗಾದರೆ ಅದು ಸಲಿಗೆ ಅಲ್ಲ. ಅವನು ಈಗಲೂ ನಿಮ್ಮ ಜೊತೆ ಊಟಕ್ಕೆ ಕೂರುತ್ತಾನಾ, ಇಲ್ಲ ಬೇರೆ ಹೋಗಿ ತಿನ್ನುತ್ತಾನಾ?

ವಿಮಲಾ: ಬೇರೆ ಹೋಗ್ತಾನೆ.

ದನದ ಡಾಕ್ಟ್ರು: ಬೈದವನು ಹೋಗಿ ಕರೆದುಕೊಂಡು ಬರಲಿ. ಆದರೂ ಹೇಳ್ತೀನಿ, ಹಂದಿಯ ತಪ್ಪು ಏನೂ ಇಲ್ಲ.